ನಾಲ್ಕು ಗಂಟೆಯ ಮ್ಯಾರಥಾನನ್ನು ಕಿಲೋಮೀಟರುಗಳಿಗೆ ಹಂಚುವುದು ಹೇಗೆ: ನೆಗೆಟಿವ್ ಸ್ಪ್ಲಿಟ್ ಲೆಕ್ಕದ ಸಮಗ್ರ ಮಾರ್ಗದರ್ಶಿ

ಕಾರವಾರ, ಅಂಕೋಲಾ, ಕುಮಟಾ ಮತ್ತು ಶಿರಸಿಯ ಕಡೆಯ ಓಟಗಾರರು ಮ್ಯಾರಥಾನ್ ಮುಗಿಸಿ ಬಂದ ಮೇಲೆ ಹೇಳುವ ಮಾತು ಹೆಚ್ಚು ಕಡಿಮೆ ಒಂದೇ ಆಗಿರುತ್ತದೆ: ಮೊದಲರ್ಧ ಬಹಳ ಚೆನ್ನಾಗಿ ಹೋಯಿತು, ಮೂವತ್ತನೇ ಕಿಲೋಮೀಟರಿನ ನಂತರ ಕಾಲು ನಡೆಯಲಿಲ್ಲ. ಇವರಲ್ಲಿ ಹಲವರಿಗೆ ನೆಗೆಟಿವ್ ಸ್ಪ್ಲಿಟ್, ಅಂದರೆ ಎರಡನೆಯ ಅರ್ಧವನ್ನು ಮೊದಲಿನದಕ್ಕಿಂತ ಸ್ವಲ್ಪ ಕಡಿಮೆ ಸಮಯದಲ್ಲಿ ಮುಗಿಸುವ ಕ್ರಮ, ಚೆನ್ನಾಗಿ ಗೊತ್ತಿರುತ್ತದೆ. ಗೊತ್ತಿದ್ದೂ ತಪ್ಪುವುದು ಎರಡು ಕಾರಣಗಳಿಂದ. ಕೆಲವರು ಎರಡು ಅರ್ಧಗಳ ನಡುವೆ ಅಸಾಧ್ಯವಾದಷ್ಟು ಅಂತರ ಇಟ್ಟುಕೊಳ್ಳುತ್ತಾರೆ. ಉಳಿದವರು ಕಿಲೋಮೀಟರುವಾರು ಪೇಸನ್ನು, ಅಂದರೆ ಒಂದು ಕಿಲೋಮೀಟರಿಗೆ ತಗಲುವ ಸಮಯವನ್ನು, ಸರಿಯಾಗಿಯೇ ಬರೆದುಕೊಂಡು, ಓಡುವಾಗ ಅದನ್ನು ಗಡಿಯಾರದ ಕ್ಷಣಕ್ಷಣದ ಅಂಕಿಗೆ ಹೋಲಿಸುತ್ತ ದಾರಿ ತಪ್ಪುತ್ತಾರೆ.

ಆದ್ದರಿಂದ ಇಲ್ಲಿ ಒಂದೇ ಗುರಿಯನ್ನು, ನಾಲ್ಕು ಗಂಟೆಯೊಳಗಿನ ಮ್ಯಾರಥಾನನ್ನು, ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಲೆಕ್ಕ ಹಾಕಲಾಗಿದೆ. ಕ್ರಮವನ್ನು ಬದಲಿಸಬೇಡಿ, ಏಕೆಂದರೆ ಪ್ರತಿ ಹಂತದ ಅಂಕಿಯೂ ಅದರ ಹಿಂದಿನ ಹಂತದಿಂದಲೇ ಹುಟ್ಟುತ್ತದೆ.

## ಬೇಕಾಗುವ ಸಾಮಗ್ರಿ

ಲ್ಯಾಪ್ ಗುಂಡಿ ಇರುವ ಗಡಿಯಾರ, ಇತ್ತೀಚಿನ ಒಂದು ಹಾಫ್ ಮ್ಯಾರಥಾನಿನ ಸಮಯ, ಸ್ಪರ್ಧೆಯ ಮಾರ್ಗದ ಏರಿಳಿತದ ನಕ್ಷೆ, ಮಣಿಕಟ್ಟಿಗೆ ಕಟ್ಟಿಕೊಳ್ಳುವಷ್ಟು ಅಗಲದ ಒಂದು ಕಾಗದದ ಪಟ್ಟಿ ಮತ್ತು ಅದರ ಮೇಲೆ ಅಂಟಿಸಲು ಅಗಲವಾದ ಪಾರದರ್ಶಕ ಟೇಪು, ಇಷ್ಟು ಸಾಕು. ಟೇಪನ್ನು ಬಿಡಬೇಡಿ. ನಮ್ಮ ಕರಾವಳಿಯ ಬೆವರಿಗೆ ಬರಿಯ ಕಾಗದದ ಮೇಲಿನ ಶಾಯಿ ಹತ್ತನೇ ಕಿಲೋಮೀಟರು ತಲುಪುವಷ್ಟರಲ್ಲಿಯೇ ಹರಡಿಹೋಗುತ್ತದೆ.

## ಹಂತ 1: ಗುರಿಯ ಸಮಯ ನಿಮ್ಮದೇ ಎಂದು ಖಚಿತಪಡಿಸಿಕೊಳ್ಳಿ

ತಪ್ಪು ಗುರಿಯನ್ನು ಎಷ್ಟೇ ಜಾಣತನದಿಂದ ಹಂಚಿದರೂ ಅದು ತಪ್ಪು ಗುರಿಯಾಗಿಯೇ ಉಳಿಯುತ್ತದೆ. ಹಾಫ್ ಮ್ಯಾರಥಾನಿನ ಸಮಯದಿಂದ ಪೂರ್ಣ ಮ್ಯಾರಥಾನಿನ ಸಮಯವನ್ನು ಅಂದಾಜು ಮಾಡಲು ಪೀಟ್ ರೀಗಲ್ ಅವರ ಸೂತ್ರ ಬಹಳ ಕಾಲದಿಂದ ಬಳಕೆಯಲ್ಲಿದೆ.

```
T2 = T1 × (D2 / D1)^1.06
```

ಇಲ್ಲಿ T1 ಎಂದರೆ D1 ದೂರವನ್ನು ನೀವು ಓಡಿದ ಸಮಯ, T2 ಎಂದರೆ D2 ದೂರಕ್ಕೆ ಅಂದಾಜಾಗುವ ಸಮಯ. ದೂರ ಇಮ್ಮಡಿಯಾದಾಗ ಸಮಯ ಸುಮಾರು 2.085 ಪಟ್ಟಾಗುತ್ತದೆ ಎಂಬುದು ಇದರ ಅರ್ಥ. ಹಾಫ್ ಮ್ಯಾರಥಾನನ್ನು 1 ಗಂಟೆ 52 ನಿಮಿಷದಲ್ಲಿ ಓಡಿದವರಿಗೆ ಸೂತ್ರವು 3 ಗಂಟೆ 53 ನಿಮಿಷದ ಆಸುಪಾಸಿನ ಸಮಯವನ್ನು ಕೊಡುತ್ತದೆ. ಆದರೆ ಕಚೇರಿ, ತೋಟ, ಅಂಗಡಿಯ ಕೆಲಸಗಳ ನಡುವೆ ವಾರಕ್ಕೆ ನಲವತ್ತು ಐವತ್ತು ಕಿಲೋಮೀಟರು ಮಾತ್ರ ಓಡುವವರಿಗೆ ಈ ಸೂತ್ರ ತುಸು ಉದಾರವಾಗಿ ಉತ್ತರ ಹೇಳುತ್ತದೆ, ಏಕೆಂದರೆ ಅವರ ದೇಹಕ್ಕೆ ಮೂವತ್ತು ಕಿಲೋಮೀಟರಿನ ಆಚೆಯ ಓಟದ ಅಭ್ಯಾಸ ಸಾಲದು. ಅಂಥವರು ಹಾಫ್ ಮ್ಯಾರಥಾನಿನ ಸಮಯವನ್ನು ಇಮ್ಮಡಿಸಿ ಅದಕ್ಕೆ ಹದಿನೈದು ನಿಮಿಷ ಕೂಡಿಸುವುದು ಹೆಚ್ಚು ಕ್ಷೇಮಕರ. ಹಾಗೆ ಮಾಡಿದರೆ ಅದೇ 1:52ಕ್ಕೆ 3 ಗಂಟೆ 59 ನಿಮಿಷ ಬರುತ್ತದೆ, ಮತ್ತು ನಾಲ್ಕು ಗಂಟೆಯ ಗುರಿ ಅವರಿಗೆ ಸರಿಯಾಗಿ ಒಪ್ಪುತ್ತದೆ.

ಇಲ್ಲಿ ನಮ್ಮ ಜಿಲ್ಲೆಯವರು ಗಮನಿಸಲೇಬೇಕಾದ ಒಂದು ಸಂಗತಿಯಿದೆ. ಆ ಹಾಫ್ ಮ್ಯಾರಥಾನಿನ ಸಮಯ ಯಾವ ಹವೆಯಲ್ಲಿ ಬಂದದ್ದು? ಘಟ್ಟದ ಮೇಲಿನ ಶಿರಸಿಯಲ್ಲಿ ಜನವರಿಯ ಚಳಿಯ ಬೆಳಗಿನಲ್ಲಿ ಓಡಿ ಬಂದ ಸಮಯವನ್ನು ಸಮುದ್ರದಂಡೆಯ ಊರಿನ ಮ್ಯಾರಥಾನಿಗೆ ಹಾಗೆಯೇ ಎತ್ತಿ ತರಬಾರದು. ಬೆವರು ಆರದ ಹವೆಯಲ್ಲಿ ದೇಹವನ್ನು ತಂಪಾಗಿಡಲು ಹೃದಯವು ಚರ್ಮದ ಕಡೆಗೆ ಹೆಚ್ಚು ರಕ್ತವನ್ನು ಕಳುಹಿಸಬೇಕಾಗುತ್ತದೆ, ಆದ್ದರಿಂದ ಅದೇ ಪೇಸಿಗೆ ಹೆಚ್ಚು ಶ್ರಮ ಬೀಳುತ್ತದೆ. ಸ್ಪರ್ಧೆ ಕರಾವಳಿಯಲ್ಲಿದ್ದರೆ ಕರಾವಳಿಯಲ್ಲಿಯೇ ಓಡಿದ ಸಮಯವನ್ನು ಆಧಾರವಾಗಿಟ್ಟುಕೊಳ್ಳಿ.

## ಹಂತ 2: ಸರಾಸರಿ ಪೇಸನ್ನು ಸೆಕೆಂಡುಗಳಲ್ಲಿ ಕಂಡುಕೊಳ್ಳಿ

ಮ್ಯಾರಥಾನಿನ ದೂರ 42.195 ಕಿಲೋಮೀಟರು. ನಾಲ್ಕು ಗಂಟೆ ಎಂದರೆ 14,400 ಸೆಕೆಂಡು. ಭಾಗಿಸಿದರೆ ಕಿಲೋಮೀಟರಿಗೆ 341.3 ಸೆಕೆಂಡು, ಅಂದರೆ 5 ನಿಮಿಷ 41 ಸೆಕೆಂಡಿಗಿಂತ ಕೂದಲೆಳೆಯಷ್ಟು ಹೆಚ್ಚು. ಎಲ್ಲ ಲೆಕ್ಕವನ್ನೂ ಸೆಕೆಂಡಿನಲ್ಲಿಯೇ ಮಾಡಿ, ನಿಮಿಷಕ್ಕೆ ಕೊನೆಯಲ್ಲಿ ಮಾತ್ರ ಬದಲಿಸಿ. ಕ್ಯಾಲ್ಕುಲೇಟರಿನಲ್ಲಿ 240 ನಿಮಿಷವನ್ನು 42.195ರಿಂದ ಭಾಗಿಸಿ ಬಂದ 5.69 ಎಂಬ ಉತ್ತರವನ್ನು 5 ನಿಮಿಷ 69 ಸೆಕೆಂಡೆಂದೋ, 6 ನಿಮಿಷ 9 ಸೆಕೆಂಡೆಂದೋ ಓದಿ ಪಟ್ಟಿಯನ್ನೇ ಕೆಡಿಸಿಕೊಂಡವರಿದ್ದಾರೆ. ಅಲ್ಲಿರುವ .69 ನಿಮಿಷದ ಭಾಗ, ಅದನ್ನು ಅರವತ್ತರಿಂದ ಗುಣಿಸಿದರೆ ಮಾತ್ರ 41 ಸೆಕೆಂಡು ಸಿಗುತ್ತದೆ.

ಇನ್ನೊಂದು ಎಚ್ಚರಿಕೆ. ನಿಮ್ಮ ಗಡಿಯಾರ 42.195ರಲ್ಲಿ ನಿಲ್ಲುವುದಿಲ್ಲ. ಅಧಿಕೃತವಾಗಿ ಅಳೆದ ಮಾರ್ಗವನ್ನು ತಿರುವುಗಳ ಒಳಅಂಚಿನಲ್ಲಿ, ಓಡಬಹುದಾದ ಅತಿ ಹತ್ತಿರದ ದಾರಿಯ ಮೇಲೆ ಅಳೆದಿರುತ್ತಾರೆ, ಮೇಲಾಗಿ ಮಾರ್ಗ ಗಿಡ್ಡವಾಗದಿರಲೆಂದು ಕಿಲೋಮೀಟರಿಗೆ ಒಂದು ಮೀಟರಿನಂತೆ ಸೇರಿಸಿರುತ್ತಾರೆ. ಗುಂಪಿನಲ್ಲಿ ಓಡುವ ನಾವು ಜನರನ್ನು ಬಳಸುತ್ತ, ನೀರಿನ ಮೇಜಿನ ಕಡೆಗೆ ಸರಿಯುತ್ತ, ಹೊರಅಂಚಿನಲ್ಲಿ ತಿರುಗುತ್ತ ಹೋಗುವುದರಿಂದ ಕೊನೆಯಲ್ಲಿ ಗಡಿಯಾರ 42.5ರ ಹತ್ತಿರ ತೋರಿಸುವುದು ತೀರ ಸಾಮಾನ್ಯ. 42.5 ಕಿಲೋಮೀಟರನ್ನು ನಾಲ್ಕು ಗಂಟೆಯಲ್ಲಿ ಮುಗಿಸಲು ಗಡಿಯಾರದ ಮೇಲೆ ಸರಾಸರಿ 5:39 ಕಾಣಬೇಕು. ಅದು 5:41 ತೋರಿಸುತ್ತಿದೆಯೆಂದು ಸಮಾಧಾನದಿಂದ ಓಡುವವರು ನಾಲ್ಕು ಗಂಟೆಯನ್ನು ಒಂದೂವರೆ ನಿಮಿಷದಿಂದ ತಪ್ಪಿಸಿಕೊಳ್ಳುತ್ತಾರೆ. ಈ ಕಾರಣಕ್ಕೆ ನಮ್ಮ ಯೋಜನೆಯ ಗುರಿಯನ್ನು 4:00:00 ಎಂದು ಇಟ್ಟುಕೊಳ್ಳದೆ 3:59:30ರ ಆಸುಪಾಸಿಗೆ ಇಳಿಸಿಕೊಳ್ಳೋಣ.

## ಹಂತ 3: ಎರಡು ಅರ್ಧಗಳ ಅಂತರವನ್ನು ನಿರ್ಧರಿಸಿ

ಅತಿ ಹೆಚ್ಚು ಜನ ತಪ್ಪುವುದು ಇಲ್ಲಿ. "ಮೊದಲರ್ಧ 2:05, ಎರಡನೆಯದು 1:55" ಎಂದು ಬರೆದುಕೊಂಡವರ ಪಟ್ಟಿಯನ್ನು ಸ್ವಲ್ಪ ಬಿಡಿಸಿ ನೋಡೋಣ. ಮೊದಲರ್ಧದ ಪೇಸ್ 5:55 ಆಗುತ್ತದೆ, ಎರಡನೆಯ ಅರ್ಧದ್ದು 5:27. ಇಪ್ಪತ್ತೊಂದು ಕಿಲೋಮೀಟರು ಓಡಿದ ಕಾಲುಗಳಿಂದ ಕಿಲೋಮೀಟರಿಗೆ 28 ಸೆಕೆಂಡು ಹೆಚ್ಚು ವೇಗವನ್ನು ಮುಂದಿನ ಎರಡು ಗಂಟೆಯ ಕಾಲ ಕೇಳುವ ಯೋಜನೆ ಇದು. ಹಾಗೆ ಓಡಬಲ್ಲವರಿದ್ದರೆ ಅವರ ನಿಜವಾದ ಗುರಿ ನಾಲ್ಕು ಗಂಟೆಯಲ್ಲ, ಅದಕ್ಕಿಂತ ಬಹಳ ಕಡಿಮೆ.

ಲೋಕದ ಅತ್ಯುತ್ತಮ ಓಟಗಾರರ ಅಂತರವೂ ಸಣ್ಣದೇ. ಎಲಿಯುಡ್ ಕಿಪ್ಚೋಗೆ 2018ರ ಬರ್ಲಿನ್‌ನಲ್ಲಿ 2:01:39ರ ವಿಶ್ವದಾಖಲೆ ಮಾಡಿದಾಗ ಮೊದಲರ್ಧ 61:06, ಎರಡನೆಯದು 60:33, ಅಂದರೆ ಅಂತರ ಅರ್ಧ ನಿಮಿಷ. ಕೆಲ್ವಿನ್ ಕಿಪ್ಟುಮ್ 2023ರ ಷಿಕಾಗೋದಲ್ಲಿ 2:00:35 ಓಡಿದಾಗ ಅಂತರ ಒಂದು ನಿಮಿಷ. ನಾಲ್ಕು ಗಂಟೆಯವರಿಗೆ ಒಂದರಿಂದ ಎರಡು ನಿಮಿಷದ ಅಂತರ ತಕ್ಕದ್ದೆಂದು ನನ್ನ ಅಭಿಪ್ರಾಯ. ಮೂರು ನಿಮಿಷವನ್ನು ದಾಟಿದರೆ ಮೊದಲರ್ಧದಲ್ಲಿ ಕಳೆದುಕೊಂಡದ್ದನ್ನು ಹಿಂದಕ್ಕೆ ಪಡೆಯುವುದು ಕಷ್ಟ.

ಕರಾವಳಿಯ ಸ್ಪರ್ಧೆಗೆ ಈ ಅಂತರವನ್ನು ಇನ್ನಷ್ಟು ಕಿರಿದಾಗಿಸಬೇಕು. ಬೆಳಗಿನ ಐದಕ್ಕೆ ಹೊರಟು ನಾಲ್ಕು ಗಂಟೆ ಓಡುವವರ ಎರಡನೆಯ ಅರ್ಧ ಬೀಳುವುದು ಏಳರಿಂದ ಒಂಬತ್ತರ ನಡುವೆ. ಡಿಸೆಂಬರ್ ಜನವರಿಯಲ್ಲಿ ನಮ್ಮಲ್ಲಿ ರಾತ್ರಿಯಿಂದ ಬೆಳಗಿನವರೆಗೆ ಘಟ್ಟದ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿರುತ್ತದೆ, ಸೂರ್ಯ ಏರಿದಂತೆ ಅದು ಸಡಿಲವಾಗುತ್ತದೆ, ಸಮುದ್ರದ ಗಾಳಿ ಇನ್ನೂ ಆರಂಭವಾಗಿರುವುದಿಲ್ಲ. ಗಾಳಿಯೇ ಇಲ್ಲದ ಆ ನಡುವಿನ ಹೊತ್ತಿನಲ್ಲಿ ಬಿಸಿಲು ನೆತ್ತಿಗೇರುತ್ತಿರುವಾಗ ವೇಗ ಹೆಚ್ಚಿಸಬೇಕಾಗಿ ಬರುತ್ತದೆ. ಅಂಥ ಕಡೆ ಅಂತರವನ್ನು ಒಂದು ನಿಮಿಷದೊಳಗೆ ಇಟ್ಟುಕೊಂಡು, ಒಟ್ಟು ಗುರಿಯನ್ನೇ ನಾಲ್ಕೈದು ನಿಮಿಷ ಸಡಿಲಿಸುವುದು ಸರಿ. ತಂಪಾದ ಊರಿನ ಸ್ಪರ್ಧೆಗೆ ಕೆಳಗಿನ ಪಟ್ಟಿ ಹಾಗೆಯೇ ಹೊಂದುತ್ತದೆ.

## ಹಂತ 4: ದೂರವನ್ನು ನಾಲ್ಕು ತುಂಡು ಮಾಡಿ ಪೇಸ್ ಹಂಚಿ

ಎರಡೇ ಅರ್ಧಗಳಾಗಿ ಒಡೆದರೆ 21ನೇ ಕಿಲೋಮೀಟರಿನಲ್ಲಿ ಇದ್ದಕ್ಕಿದ್ದಂತೆ ವೇಗ ಏರಿಸಬೇಕಾಗುತ್ತದೆ. ಪ್ರತಿ ಕಿಲೋಮೀಟರಿಗೂ ಒಂದೊಂದು ಸೆಕೆಂಡು ಇಳಿಸುತ್ತ ಹೋಗುವ ನಲವತ್ತೆರಡು ಅಂಕಿಗಳ ಪಟ್ಟಿ ನೋಡಲು ಚಂದ, ಓಡುವಾಗ ಉಪಯೋಗಕ್ಕೆ ಬಾರದು. ನಾಲ್ಕು ತುಂಡು ನೆನಪಿನಲ್ಲಿ ಉಳಿಯುತ್ತದೆ.

1. ಮೊದಲ 3 ಕಿ.ಮೀ.: ಕಿಲೋಮೀಟರಿಗೆ 5:50
2. 4ರಿಂದ 21ನೇ ಕಿ.ಮೀ.: 5:42
3. 22ರಿಂದ 32ನೇ ಕಿ.ಮೀ.: 5:40
4. ಕೊನೆಯ 10.195 ಕಿ.ಮೀ.: 5:36

ಮೊದಲ ತುಂಡು ಸರಾಸರಿಗಿಂತ ಒಂಬತ್ತು ಸೆಕೆಂಡು ನಿಧಾನವಾಗಿರುವುದನ್ನು ಕಂಡು ಬಹಳ ಜನ ಹೆದರುತ್ತಾರೆ. ಆದರೆ ಮೂರು ಕಿಲೋಮೀಟರಿಗೆ ಅದರ ಒಟ್ಟು ಬೆಲೆ ಕೇವಲ 26 ಸೆಕೆಂಡು. ಆರಂಭದಲ್ಲಿ ದೇಹ ಬಿಸಿಯಾಗಿರುವುದಿಲ್ಲ, ಸುತ್ತ ಜನಸಂದಣಿ, ಹುರುಪಿನಿಂದಾಗಿ 5:25 ಕೂಡ ಸಲೀಸೆನಿಸುತ್ತದೆ. ಈ ಹೊತ್ತಿನಲ್ಲಿ ಅತಿವೇಗದಿಂದ ಓಡಿದರೆ ಸ್ನಾಯುಗಳಲ್ಲಿ ಶೇಖರವಾಗಿರುವ ಗ್ಲೈಕೊಜನ್ ಬೇಗ ಕರಗುತ್ತದೆ. ವೇಗ ಹೆಚ್ಚಿದಷ್ಟೂ ದೇಹ ಕೊಬ್ಬನ್ನು ಬಿಟ್ಟು ಆ ಸಕ್ಕರೆಯ ದಾಸ್ತಾನನ್ನೇ ಹೆಚ್ಚು ಬಳಸುತ್ತದೆ, ಅದು ಬರಿದಾಗುವುದು ಮೂವತ್ತು ಮೂವತ್ತೈದು ಕಿಲೋಮೀಟರಿನ ನಡುವೆ.

ಎರಡನೆಯ ಮತ್ತು ಮೂರನೆಯ ತುಂಡುಗಳ ನಡುವೆ ಎರಡೇ ಸೆಕೆಂಡಿನ ವ್ಯತ್ಯಾಸ ಇರುವುದೂ ಉದ್ದೇಶಪೂರ್ವಕ. ಅರ್ಧ ದಾಟಿದ ಕೂಡಲೇ ಓಡುವವರಿಗೆ ವೇಗ ಬದಲಾಯಿತು ಎಂದು ಅನ್ನಿಸಲೇಬಾರದು. ನಿಜವಾದ ಏರಿಕೆ ಇರುವುದು 32ರ ನಂತರವೇ, ಅಲ್ಲಿಯೂ ಅದು ನಾಲ್ಕು ಸೆಕೆಂಡು ಮಾತ್ರ.

ಬೇರೆ ಗುರಿಯವರು ತಮ್ಮ ಸರಾಸರಿ ಪೇಸಿನಿಂದ ಇದೇ ಅಂತರಗಳನ್ನು ಇಟ್ಟುಕೊಳ್ಳಬಹುದು: ಮೊದಲ ತುಂಡಿಗೆ ಒಂಬತ್ತು ಸೆಕೆಂಡು ಕೂಡಿಸಿ, ಎರಡನೆಯದಕ್ಕೆ ಒಂದು ಕೂಡಿಸಿ, ಮೂರನೆಯದರಿಂದ ಒಂದು ಕಳೆಯಿರಿ, ಕೊನೆಯದರಿಂದ ಐದು ಕಳೆಯಿರಿ. ಮೊತ್ತವನ್ನು ಸ್ಪ್ರೆಡ್‌ಶೀಟಿನಲ್ಲಿ ಪರೀಕ್ಷಿಸದೆ ಮುಂದೆ ಹೋಗಬೇಡಿ. `A2`ರಿಂದ `A5`ವರೆಗೆ ದೂರಗಳನ್ನು (3, 18, 11, 10.195), `B2`ರಿಂದ `B5`ವರೆಗೆ ಸೆಕೆಂಡುಗಳನ್ನು (350, 342, 340, 336) ತುಂಬಿ, ಕೆಳಗಿನ ಸೂತ್ರ ಬರೆದು, ಆ ಕೋಶದ ನಮೂನೆಯನ್ನು `[h]:mm:ss` ಎಂದು ಇಡಿ.

```
=SUMPRODUCT(A2:A5,B2:B5)/86400
```

ನಮ್ಮ ಅಂಕಿಗಳಿಗೆ 3:59:32ರ ಆಸುಪಾಸು ಬರಬೇಕು. ಬಾರದಿದ್ದರೆ ಕೊನೆಯ .195 ಕಿಲೋಮೀಟರನ್ನು ಮರೆತಿದ್ದೀರಿ. ಆ ತುಂಡೊಂದಕ್ಕೇ 65 ಸೆಕೆಂಡು ಬೇಕು.

## ಹಂತ 5: ಪೇಸನ್ನು ಒಟ್ಟು ಸಮಯದ ಪಟ್ಟಿಯಾಗಿ ಬದಲಿಸಿ

ನನ್ನ ಮಟ್ಟಿಗೆ ಈ ಇಡೀ ಕೆಲಸದ ಜೀವಾಳ ಈ ಹಂತ. ಗಡಿಯಾರವು ತೋರಿಸುವ ಕ್ಷಣದ ಪೇಸ್ ಹತ್ತು ಹದಿನೈದು ಸೆಕೆಂಡು ಹಿಂದೆಮುಂದೆ ಜಿಗಿಯುತ್ತಲೇ ಇರುತ್ತದೆ. ಎತ್ತರದ ಕಟ್ಟಡ, ದಟ್ಟವಾದ ಮರಗಳು, ಗುಡ್ಡ ಕಡಿದ ರಸ್ತೆ ಬಂದರೆ ಇನ್ನೂ ಹೆಚ್ಚು. ನಮ್ಮ ಯೋಜನೆಯಲ್ಲಿರುವುದೋ ಎರಡು, ನಾಲ್ಕು ಸೆಕೆಂಡಿನ ವ್ಯತ್ಯಾಸ. ಕಟ್ಟಿಗೆಯ ತೂಕ ನೋಡುವ ತಕ್ಕಡಿಯಲ್ಲಿ ಬಂಗಾರವನ್ನು ತೂಗಲು ಬಾರದು. ಆದರೆ ಹತ್ತು ಕಿಲೋಮೀಟರಿನ ಫಲಕದ ಬಳಿ ಗಡಿಯಾರದಲ್ಲಿ ಓಡುತ್ತಿರುವ ಒಟ್ಟು ಸಮಯ ಮಾತ್ರ ಸುಳ್ಳು ಹೇಳುವುದಿಲ್ಲ. ಆದ್ದರಿಂದ ಮಣಿಕಟ್ಟಿನ ಪಟ್ಟಿಯಲ್ಲಿ ಪೇಸನ್ನು ಬರೆಯಬೇಡಿ, ಆ ಆ ಫಲಕ ದಾಟುವಾಗ ಆಗಿರಬೇಕಾದ ಒಟ್ಟು ಸಮಯವನ್ನೇ ಬರೆಯಿರಿ.

| ಕಿ.ಮೀ. | ಒಟ್ಟು ಸಮಯ |
|---|---|
| 3 | 17:30 |
| 5 | 28:54 |
| 10 | 57:24 |
| 15 | 1:25:54 |
| 20 | 1:54:24 |
| ಅರ್ಧ | 2:00:39 |
| 25 | 2:22:46 |
| 30 | 2:51:06 |
| 32 | 3:02:26 |
| 35 | 3:19:14 |
| 40 | 3:47:14 |
| 42 | 3:58:26 |
| ಕೊನೆ | 3:59:32 |

ಮೊದಲರ್ಧ 2:00:39, ಎರಡನೆಯದು 1:58:53, ಅಂತರ ಎರಡು ನಿಮಿಷಕ್ಕೂ ಕಡಿಮೆ. ಈ ಪಟ್ಟಿಯನ್ನು ನಾಲ್ಕು ಗಂಟೆಯ ಸಮವೇಗದ ಓಟದ ಜೊತೆ ಇಟ್ಟು ನೋಡಿದರೆ, ಹತ್ತನೇ ಕಿಲೋಮೀಟರಿನಲ್ಲಿ ನೀವು ಅರ್ಧ ನಿಮಿಷ ಹಿಂದಿರುತ್ತೀರಿ, ಅರ್ಧದಲ್ಲಿ 39 ಸೆಕೆಂಡು ಹಿಂದಿರುತ್ತೀರಿ, 32ರಲ್ಲಿಯೂ 25 ಸೆಕೆಂಡು ಹಿಂದೆಯೇ ಇರುತ್ತೀರಿ. ಸಮವೇಗದವರನ್ನು ಹಿಂದಿಕ್ಕುವುದು 37ನೇ ಕಿಲೋಮೀಟರಿನ ನಂತರ. ಇದನ್ನು ಮನೆಯಲ್ಲಿಯೇ ಮನದಟ್ಟು ಮಾಡಿಕೊಳ್ಳಬೇಕು, ಏಕೆಂದರೆ ಸ್ಪರ್ಧೆಯಲ್ಲಿ ನಾಲ್ಕು ಗಂಟೆಯ ಬಾವುಟ ಹಿಡಿದ ಪೇಸರ್ ಕಣ್ಣೆದುರಿಗೇ ಮುಂದೆ ಹೋಗುವಾಗ ಬೆನ್ನಟ್ಟಿ ಹೋಗುವವರೇ ಹೆಚ್ಚು.

ನೀರಿನ ಮೇಜುಗಳ ಬಳಿ ನಡೆಯುವ ಅಭ್ಯಾಸವಿದ್ದರೆ ಅದೂ ಲೆಕ್ಕಕ್ಕೆ ಬರಬೇಕು. ಒಂದೊಂದು ಕಡೆ ಹತ್ತು ಸೆಕೆಂಡಿನಂತೆ ಎಂಟು ಕಡೆ ನಿಂತರೆ 80 ಸೆಕೆಂಡು, ಎಂದರೆ ಕಿಲೋಮೀಟರಿಗೆ ಸುಮಾರು ಎರಡು ಸೆಕೆಂಡು. ಪಟ್ಟಿಯ ಸಮಯದಲ್ಲಿ ನೀರು ಕುಡಿಯುವ ಹೊತ್ತೂ ಸೇರಿದೆ ಎಂದು ತಿಳಿದು, ಓಡುವಾಗಿನ ಪೇಸನ್ನು ಅಷ್ಟು ಚುರುಕಾಗಿಡಿ.

## ಹಂತ 6: ಏರಿಳಿತಕ್ಕೆ ತಕ್ಕಂತೆ ತಿದ್ದಿ

ಮಾರ್ಗ ಸಮತಟ್ಟಾಗಿದ್ದರೆ ಈ ಹಂತವನ್ನು ಬಿಡಬಹುದು. ಏರು ಇದ್ದರೆ, ಶೇಕಡಾ ಒಂದರಷ್ಟು ಏರಿಗೆ ಈ ವೇಗದವರಿಗೆ ಕಿಲೋಮೀಟರಿಗೆ ಸರಿಸುಮಾರು ಎಂಟು ಹತ್ತು ಸೆಕೆಂಡು ಹೆಚ್ಚು ಬೇಕಾಗುತ್ತದೆ, ಅಷ್ಟೇ ಇಳಿಜಾರಿನಲ್ಲಿ ಅದರ ಅರ್ಧದಷ್ಟು ಮಾತ್ರ ಮರಳಿ ಸಿಗುತ್ತದೆ. ಆದ್ದರಿಂದ ಏರಿನಲ್ಲಿ ಹೋದದ್ದೆಲ್ಲ ಇಳಿಜಾರಿನಲ್ಲಿ ಬರುತ್ತದೆ ಎಂಬ ಲೆಕ್ಕ ನಡೆಯುವುದಿಲ್ಲ. ಮುಂಬೈ ಮ್ಯಾರಥಾನಿನಲ್ಲಿ ಹಲವು ವರ್ಷ ಓಟಗಾರರನ್ನು ಕೊನೆಯ ಭಾಗದಲ್ಲಿ ಕಾಡಿದ ಪೆಡ್ಡರ್ ರಸ್ತೆಯ ಏರಿನಂಥದ್ದು ನಾಲ್ಕನೆಯ ತುಂಡಿನಲ್ಲಿ ಬಂದರೆ, ಆ ಕಿಲೋಮೀಟರಿಗೆ ಹದಿನೈದು ಇಪ್ಪತ್ತು ಸೆಕೆಂಡು ಬಿಟ್ಟುಕೊಟ್ಟು, ಅದನ್ನು ಉಳಿದ ಒಂಬತ್ತು ಕಿಲೋಮೀಟರುಗಳಿಗೆ ಎರಡೆರಡು ಸೆಕೆಂಡಿನಂತೆ ಹಂಚಿ.

## ಹಂತ 7: ದೂರದ ಓಟದಲ್ಲಿ ಅಭ್ಯಾಸ ಮಾಡಿ

ಸ್ಪರ್ಧೆಗೆ ನಾಲ್ಕೈದು ವಾರ ಇರುವಾಗ 28 ಕಿಲೋಮೀಟರಿನ ಒಂದು ಓಟವನ್ನು ಹೀಗೆ ಮಾಡಿ: ಮೊದಲ 16 ಕಿಲೋಮೀಟರು 6:10ರಲ್ಲಿ, ಮುಂದಿನ 8 ಕಿಲೋಮೀಟರು 5:42ರಲ್ಲಿ, ಕೊನೆಯ 4 ಕಿಲೋಮೀಟರು 5:36ರಲ್ಲಿ. ದಣಿದ ಕಾಲಿನಲ್ಲಿ 5:36 ಹೇಗಿರುತ್ತದೆ ಎಂಬುದು ತಾಜಾ ಕಾಲಿನ ಓಟದಿಂದ ಎಂದಿಗೂ ತಿಳಿಯುವುದಿಲ್ಲ.

ಜಾಗದ ಆಯ್ಕೆಯೂ ಮುಖ್ಯ. ಕಾರವಾರದವರು ಟ್ಯಾಗೋರ್ ಕಡಲತೀರದ ಮರಳಿನ ಮೇಲೆ ಪೇಸಿನ ಅಭ್ಯಾಸ ಮಾಡಬಾರದು, ಕಾಲು ಹುಗಿಯುವ ಮರಳಿನಲ್ಲಿ ಅಂಕಿಗೆ ಅರ್ಥವೇ ಇರುವುದಿಲ್ಲ. ಹೆದ್ದಾರಿ 66ರ ಮೇಲೆ ಬಿಣಗಾ, ಅರಗಾ ಕಡೆಗೆ ಹೋದರೆ ಏರಿಳಿತವೂ ಲಾರಿಗಳ ಸಂಚಾರವೂ ಎದುರಾಗುತ್ತವೆ. ಕಾಳಿ ನದಿಯ ಬದಿಯಲ್ಲಿ ಕಡವಾಡದ ಕಡೆಗೆ ಹೋಗಿ ಬರುವುದು ಇದಕ್ಕಿಂತ ಮೇಲು. ಶಿರಸಿಯವರಿಗೆ ಬನವಾಸಿ ರಸ್ತೆ ಇದೆ, ಆದರೆ ಅಲ್ಲಿನ ಏರಿಳಿತದಲ್ಲಿ ಪ್ರತಿ ಕಿಲೋಮೀಟರಿನ ಸಮಯಕ್ಕಿಂತ ಐದು ಕಿಲೋಮೀಟರಿನ ಒಟ್ಟು ಸಮಯವನ್ನು ನೋಡುವುದು ಸರಿಯಾದ ಕ್ರಮ. ರಸ್ತೆಬದಿಯ ಕಿಲೋಮೀಟರು ಕಲ್ಲುಗಳನ್ನು ಅಳತೆಗೆ ನಂಬಬೇಡಿ, ರಸ್ತೆ ಅಗಲವಾಗಿ ತಿರುವು ನೇರವಾದ ಕಡೆ ಕಲ್ಲುಗಳ ನಡುವಿನ ದೂರ ಮೊದಲಿನಂತೆ ಉಳಿದಿರುವುದಿಲ್ಲ.

ಈ ಅಭ್ಯಾಸದ ಕೊನೆಯ ನಾಲ್ಕು ಕಿಲೋಮೀಟರಿನಲ್ಲಿ 5:36 ಹಿಡಿಯಲು ಹಲ್ಲು ಕಚ್ಚಬೇಕಾಗಿ ಬಂದರೆ, ಹವೆ ತಂಪಾಗಿದ್ದೂ ಹಾಗಾದರೆ, ಗುರಿಯನ್ನು ಐದು ನಿಮಿಷ ಸಡಿಲಿಸಿ ಹಂತ 2ರಿಂದ ಮತ್ತೆ ಲೆಕ್ಕ ಹಾಕಿ.

## ಹಂತ 8: ಸ್ಪರ್ಧೆಯ ದಿನ ಪಟ್ಟಿಯನ್ನು ಬಳಸುವ ಕ್ರಮ

ಗಡಿಯಾರವನ್ನು ತುಪಾಕಿಯ ಸದ್ದಿಗೆ ಆರಂಭಿಸದೆ, ನಿಮ್ಮ ಕಾಲು ಚಿಪ್‌ನ ಮ್ಯಾಟ್ ಮೇಲೆ ಬಿದ್ದಾಗ ಆರಂಭಿಸಿ. ಆಟೋ ಲ್ಯಾಪನ್ನು ಮೊದಲೇ ಆಫ್ ಮಾಡಿಟ್ಟು, ಪ್ರತಿ ಕಿಲೋಮೀಟರಿನ ಫಲಕದ ಬಳಿ ಕೈಯಿಂದ ಲ್ಯಾಪ್ ಒತ್ತಿ. ಒಂದು ಫಲಕ ತಪ್ಪಿದರೆ ಚಿಂತೆ ಬೇಡ, ಮುಂದಿನದಕ್ಕೆ ಪಟ್ಟಿ ಇದ್ದೇ ಇದೆ. ಪರದೆಯ ಮೇಲೆ ಎರಡೇ ಅಂಕಿ ಇರಲಿ, ಒಟ್ಟು ಸಮಯ ಮತ್ತು ಈ ಲ್ಯಾಪಿನ ಸರಾಸರಿ ಪೇಸ್.

ಹತ್ತನೇ ಕಿಲೋಮೀಟರಿನಲ್ಲಿ ಪಟ್ಟಿಗಿಂತ ಅರ್ಧ ನಿಮಿಷ ಮುಂದಿದ್ದೀರಿ ಎಂದುಕೊಳ್ಳಿ. ಇದನ್ನು ಲಾಭವೆಂದು ಜೇಬಿಗೆ ಹಾಕಿಕೊಳ್ಳಬಾರದು, ಹಾಗೆಂದು ಮುಂದಿನ ಕಿಲೋಮೀಟರಿನಲ್ಲಿಯೇ ಬ್ರೇಕ್ ಹಾಕಿದಂತೆ ನಿಧಾನಿಸಲೂಬಾರದು. ಮುಂದಿನ ಐದು ಕಿಲೋಮೀಟರುಗಳಿಗೆ ಆರಾರು ಸೆಕೆಂಡಿನಂತೆ ಹಿಂದಿರುಗಿಸಿ ಪಟ್ಟಿಗೆ ಮರಳಿ.

ಮುಂದಾಗಿ ಓಡಿದ್ದರ ಬೆಲೆ ಎಷ್ಟೆಂಬುದನ್ನು ಅಂಕಿಯಲ್ಲಿಯೇ ನೋಡಬಹುದು. ಮೊದಲರ್ಧವನ್ನು 1:56:00ಕ್ಕೆ ಮುಗಿಸಿ, 32ರವರೆಗೆ 5:40ರಲ್ಲಿಯೇ ಬಂದವರು ಅಲ್ಲಿ 2:57:47ಕ್ಕೆ ತಲುಪುತ್ತಾರೆ, ನಮ್ಮ ಪಟ್ಟಿಗಿಂತ ನಾಲ್ಕೂವರೆ ನಿಮಿಷ ಮುಂದೆ. ಆದರೆ ದಾಸ್ತಾನು ಮುಗಿದು ಕೊನೆಯ 10.195 ಕಿಲೋಮೀಟರು 6:40ಕ್ಕೆ ಇಳಿದರೆ, ಅದು ತೀರ ಸಾಮಾನ್ಯವಾದ ಕುಸಿತ, ಅವರು 4:05:45ಕ್ಕೆ ಮುಗಿಸುತ್ತಾರೆ. ಕೂಡಿಟ್ಟದ್ದು ನಾಲ್ಕೂವರೆ ನಿಮಿಷ, ಕಳೆದುಕೊಂಡದ್ದು ಹತ್ತು ನಿಮಿಷಕ್ಕೂ ಹೆಚ್ಚು.

## ಎಚ್ಚರಿಕೆಯ ಸೂಚನೆಗಳು ಮತ್ತು ಎರಡನೆಯ ಯೋಜನೆ

ಹದಿನೈದನೇ ಕಿಲೋಮೀಟರಿನವರೆಗೆ ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಆಗಬೇಕು. "ಅರ್ಧ ಇನ್ನೂ ಆರು ಕಿಲೋಮೀಟರು ಇದೆ ಮಾರಾಯ್ರೆ, ಸಾವಕಾಶ ಹೋಗುವ" ಎಂಬಷ್ಟು ಉದ್ದದ ಮಾತನ್ನು ನಡುವೆ ಉಸಿರೆಳೆಯದೆ ಹೇಳಲಾಗದಿದ್ದರೆ ಆ ದಿನದ ಪೇಸ್ ನಿಮಗೆ ಹೆಚ್ಚಾಗಿದೆ, ಗಡಿಯಾರ ಏನೇ ತೋರಿಸಲಿ. ಹೃದಯಬಡಿತ ನೋಡುವವರು ಒಂದು ವಿಷಯ ನೆನಪಿಡಬೇಕು: ಬಿಸಿಲು ಏರಿದಂತೆ ಅದೇ ಪೇಸಿಗೂ ಬಡಿತ ತಾನಾಗಿ ಮೇಲೇರುತ್ತದೆ, ಆದ್ದರಿಂದ 30ನೇ ಕಿಲೋಮೀಟರಿನ ಬಡಿತವನ್ನು ಐದನೆಯದರ ಜೊತೆ ಹೋಲಿಸಿ ಗಾಬರಿಯಾಗುವುದು ತಪ್ಪು. ಆದರೆ ಮೊದಲ ಹತ್ತು ಕಿಲೋಮೀಟರಿನಲ್ಲಿಯೇ ಬಡಿತವು ನಿಮ್ಮ ಹಾಫ್ ಮ್ಯಾರಥಾನಿನ ಮಟ್ಟಕ್ಕೆ ಏರಿದ್ದರೆ ಅದನ್ನು ನಂಬಿ ನಿಧಾನಿಸಿ.

ಅರ್ಧದ ಫಲಕದ ಬಳಿ ಈ ಸೂಚನೆಗಳಲ್ಲಿ ಯಾವುದಾದರೂ ಕಂಡರೆ ವೇಗ ಏರಿಸುವ ಭಾಗವನ್ನು ಕೈಬಿಟ್ಟು ಕೊನೆಯವರೆಗೆ 5:45ರಲ್ಲಿ ಹೋಗಿ. ಆಗಲೂ 4:02ರ ಒಳಗೆ ಮುಗಿಯುತ್ತದೆ. ಈ ಎರಡನೆಯ ಯೋಜನೆಯ ಸಮಯಗಳನ್ನು ಮಣಿಕಟ್ಟಿನ ಪಟ್ಟಿಯ ಹಿಂಬದಿಗೆ ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ದಣಿದ ತಲೆಗೆ ಗುಣಾಕಾರ ಆಗುವುದಿಲ್ಲ. ಬೆವರು ನಿಂತುಹೋಗಿ ಚಳಿ ಹತ್ತಿದಂತಾದರೆ, ತಲೆ ಸುತ್ತಿದರೆ, ಪಟ್ಟಿಯ ಅಂಕಿಯನ್ನು ಓದಿಯೂ ಅರ್ಥವಾಗದಂತಾದರೆ ಯಾವ ಯೋಜನೆಯೂ ಬೇಡ, ಓಟ ನಿಲ್ಲಿಸಿ ವೈದ್ಯಕೀಯ ನೆರವಿನ ಕಡೆಗೆ ಹೋಗಿ.

32ನೇ ಕಿಲೋಮೀಟರಿನಲ್ಲಿ ಪಟ್ಟಿಗಿಂತ 28 ಸೆಕೆಂಡಿನವರೆಗೆ ಹಿಂದಿದ್ದರೆ 5:36 ಹಿಡಿದರೂ ನಾಲ್ಕು ಗಂಟೆಯೊಳಗೇ ಇರುತ್ತೀರಿ. ಒಂದು ನಿಮಿಷ ಹಿಂದಿದ್ದರೆ 5:32 ಬೇಕು, ಅದೂ ಆಗಬಹುದಾದದ್ದೇ. ಆದರೆ ಆ ಒಂದು ನಿಮಿಷವನ್ನು 33ನೇ ಕಿಲೋಮೀಟರಿನಲ್ಲಿಯೇ ಹಿಡಿಯಲು ಹೋದರೆ 36ರಲ್ಲಿ ನಡೆಯಬೇಕಾಗಿ ಬರುತ್ತದೆ. ಹತ್ತೂ ಕಿಲೋಮೀಟರಿಗೆ ನಾಲ್ಕು ನಾಲ್ಕು ಸೆಕೆಂಡಾಗಿ ಹಂಚಿಕೊಳ್ಳಿ. 40ರ ಫಲಕದ ಬಳಿ ಗಡಿಯಾರ 3:47:14 ಅಥವಾ ಅದಕ್ಕಿಂತ ಕಡಿಮೆ ತೋರಿಸುತ್ತಿದ್ದರೆ ಪಟ್ಟಿಯ ಕೆಲಸ ಅಲ್ಲಿಗೆ ಮುಗಿಯಿತು, ಉಳಿದ 2.195 ಕಿಲೋಮೀಟರನ್ನು ಕಾಲಿನಲ್ಲಿರುವಷ್ಟು ಶಕ್ತಿಯಿಂದ ಓಡಬಹುದು.

## ಮುಗಿದ ಮೇಲೆ ನೋಡಬೇಕಾದ ಲೆಕ್ಕ

ಲ್ಯಾಪುಗಳನ್ನು ಅಳಿಸುವ ಮೊದಲು ನಾಲ್ಕು ತುಂಡುಗಳ ನಿಜವಾದ ಸರಾಸರಿಯನ್ನು ಯೋಜನೆಯ ಪಕ್ಕದಲ್ಲಿ ಬರೆದಿಡಿ. ಕೊನೆಯ ತುಂಡು 5:25ಕ್ಕಿಂತ ಚುರುಕಾಗಿದ್ದರೆ ಮೊದಲ ಎರಡು ತುಂಡುಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ಹಿಡಿದಿಟ್ಟುಕೊಂಡಿದ್ದೀರಿ, ಮುಂದಿನ ಗುರಿಯನ್ನು ಎರಡು ಮೂರು ನಿಮಿಷ ಇಳಿಸಬಹುದು. ಮೊದಲ ಮೂರು ತುಂಡುಗಳು ಪಟ್ಟಿಯಂತೆಯೇ ಇದ್ದು ಕೊನೆಯದು ಮಾತ್ರ 5:50ಕ್ಕೆ ಜಾರಿದ್ದರೆ ಹಂಚಿಕೆಯಲ್ಲಿ ದೋಷವಿಲ್ಲ, ದೂರದ ಓಟದ ಅಭ್ಯಾಸ ಅಥವಾ ದಾರಿಯಲ್ಲಿ ತೆಗೆದುಕೊಂಡ ಆಹಾರ ಸಾಲದೆ ಹೋಗಿದೆ. ಮೂರನೆಯ ತುಂಡಿನಲ್ಲಿಯೇ ಜಾರಿದ್ದರೆ ಗುರಿಯೇ ದೊಡ್ಡದಾಗಿತ್ತು, ಹಂತ 1ಕ್ಕೆ ಹಿಂತಿರುಗಿ ಹಾಫ್ ಮ್ಯಾರಥಾನಿನ ಸಮಯದಿಂದ ಮತ್ತೆ ಆರಂಭಿಸಬೇಕು.